ಬಿಲ್‌ಗೆ ಕೊಟ್ಟ ನಂಬರಿಗೆ ಆಫರ್ ಕಳಿಸಬಹುದಾ?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನಮ್ಮದು ಸೀರೆ ಅಂಗಡಿ. ನಾಲ್ಕು ವರ್ಷದಿಂದ ಬಿಲ್ ಮಾಡುವಾಗ ಗಿರಾಕಿಗಳ ಫೋನ್ ನಂಬರ್ ಬರೆದುಕೊಳ್ತಾ ಇದೀವಿ, ಕೆಲವರದ್ದು ಇಮೇಲ್ ಕೂಡ ಇದೆ. ಸುಮಾರು 4,000 ನಂಬರ್ ಆಗಿವೆ. ಯುಗಾದಿಗೆ ವಾಟ್ಸಾಪ್‌ನಲ್ಲಿ ಆಫರ್ ಕಳಿಸಿದೆವು. ಒಬ್ಬರು ಮೇಡಂ "ನನ್ನ ನಂಬರ್ ಎಲ್ಲಿಂದ ಸಿಕ್ತು? ಕಂಪ್ಲೇಂಟ್ ಕೊಡ್ತೀನಿ" ಅಂತ ಗಲಾಟೆ ಮಾಡಿದರು. ನಂಬರ್ ಕೊಟ್ಟಿದ್ದೇ ಅವರು! ದೀಪಾವಳಿಗೆ ಮತ್ತೆ ಕಳಿಸಬೇಕು ಅಂತಿದೀವಿ. ಒಪ್ಪಿಗೆ ಹೇಗೆ ತಗೋಬೇಕು? ಬೇಡ ಅಂದವರನ್ನು ಏನು ಮಾಡಬೇಕು?

ಉತ್ತರ: ಹೌದು, ನಂಬರ್ ಕೊಟ್ಟಿದ್ದು ಅವರೇ. ಆದರೆ ಯಾತಕ್ಕೆ ಕೊಟ್ಟರು ಅನ್ನೋದು ಪ್ರಶ್ನೆ. ನಿಮ್ಮ ಕೌಂಟರ್ ಹತ್ತಿರ ಹತ್ತು ನಿಮಿಷ ನಿಂತು ನೋಡಿ. ಹುಡುಗ ಸೀರೆ ಮಡಚಿ ಕವರಿಗೆ ಹಾಕುತ್ತಾನೆ. ಕಂಪ್ಯೂಟರ್ ಮುಂದಿರುವವರು ತಲೆ ಎತ್ತದೆ "ನಂಬರ್ ಹೇಳಿ ಮೇಡಂ" ಅನ್ನುತ್ತಾರೆ. ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಅವರು ಹತ್ತು ಅಂಕಿ ಹೇಳಿ, ದುಡ್ಡು ಕೊಟ್ಟು ಹೊರಡುತ್ತಾರೆ. ಆ ಹೊತ್ತಿಗೆ ಅವರ ಮನಸ್ಸಿನಲ್ಲಿ ಇದ್ದಿದ್ದು ಬಿಲ್ಲು ಮಾತ್ರ. ಯುಗಾದಿ ಆಫರ್ ಬಗ್ಗೆ ನೀವು ಹೇಳಲೇ ಇಲ್ಲ, ಅವರು ಹೂಂ ಅನ್ನಲೂ ಇಲ್ಲ.

ಕೇಂದ್ರ ಸರ್ಕಾರ 2023ರಲ್ಲಿ ತಂದ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ನಿಮ್ಮ ಕಥೆಗೆ ತುಂಬಾ ಹತ್ತಿರದ ಒಂದು ಉದಾಹರಣೆ ಇದೆ. ಒಬ್ಬರು ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಂಡು, ತಾವೇ ನಂಬರ್ ಕೊಟ್ಟು, ದುಡ್ಡು ಬಂದ ರಸೀದಿಯನ್ನು ಮೊಬೈಲಿಗೆ ಕಳಿಸಿ ಅನ್ನುತ್ತಾರೆ. ಅಂಗಡಿಯವರು ಆ ನಂಬರನ್ನು ರಸೀದಿ ಕಳಿಸುವುದಕ್ಕೆ ಬಳಸಬಹುದು. ಅಷ್ಟೇ, ಉದಾಹರಣೆ ಅಲ್ಲಿಗೆ ಮುಗಿಯುತ್ತದೆ. ನಿಮ್ಮ ಅಂಗಡಿಗೆ ಇಟ್ಟು ನೋಡಿದರೆ: ಬಿಲ್ ಕಳಿಸಬಹುದು, "ಬ್ಲೌಸ್ ಹೊಲಿದು ಆಗಿದೆ, ಬಂದು ತಗೊಂಡು ಹೋಗಿ" ಅಂತ ಹೇಳಬಹುದು. "ಈ ಭಾನುವಾರ ಸಿಲ್ಕ್ ಸೀರೆಗೆ ರಿಯಾಯಿತಿ" ಅನ್ನೋದು ಬೇರೆ ಕೆಲಸ. ಅದಕ್ಕೆ ಬೇರೆ ಒಪ್ಪಿಗೆ ಬೇಕು.

ಇನ್ನೊಂದು ಮಾತು. ನಂಬರ್ ಕೊಡದಿದ್ದರೆ ಬಿಲ್ಲೇ ಆಗಲ್ಲ ಅಂತ ನಿಮ್ಮ ಹುಡುಗರು ಹೇಳುತ್ತಿದ್ದರೆ ಇವತ್ತೇ ನಿಲ್ಲಿಸಿ. ಗಿರಾಕಿಯ ನಂಬರಿಗೆ ಹಠ ಹಿಡಿಯುವುದು ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಸರಿಯಲ್ಲದ ವ್ಯಾಪಾರ ಪದ್ಧತಿ ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಹೇಳಿದೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ನಂಬರ್ ಕಡ್ಡಾಯ ಅಂತ ಇದ್ದರೆ ಸೆಟ್ಟಿಂಗ್‌ನಲ್ಲಿ ತೆಗೆಸಿ. ಇಲ್ಲವಾದರೆ ಹುಡುಗರು ಹತ್ತು ಸೊನ್ನೆ ಹೊಡೆಯುತ್ತಾರೆ, ಅಥವಾ ತಮ್ಮದೇ ನಂಬರ್ ಹಾಕುತ್ತಾರೆ. ಎರಡೂ ನೋಡಿದ್ದೇನೆ.

ಯಾವ ಕಾನೂನು ಯಾವಾಗಿನಿಂದ ಅನ್ನೋದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಡೇಟಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಒಪ್ಪಿಗೆ ತಗೊಳ್ಳುವ ಮುಖ್ಯ ಜವಾಬ್ದಾರಿಗಳು ಅಲ್ಲಿಂದ 18 ತಿಂಗಳ ನಂತರ, ಅಂದರೆ 2027ರ ಮೇ ಹೊತ್ತಿಗೆ ಜಾರಿಗೆ ಬರುತ್ತವೆ. "ಹಾಗಾದ್ರೆ ಅಲ್ಲಿವರೆಗೆ ಆರಾಮ" ಅಂದುಕೊಳ್ಳಬೇಡಿ. ಎಸ್ಸೆಮ್ಮೆಸ್ ಮತ್ತು ಕರೆಗಳಿಗೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಗಳು ಈಗಾಗಲೇ ಜಾರಿಯಲ್ಲಿವೆ, 2025ರ ಫೆಬ್ರುವರಿಯಲ್ಲಿ ಅವನ್ನು ಇನ್ನೂ ಬಿಗಿ ಮಾಡಿದ್ದಾರೆ. ಅಂಗಡಿಯ ಮಾಮೂಲಿ ಸಿಮ್‌ನಿಂದ ರಾಶಿ ರಾಶಿ ಆಫರ್ ಎಸ್ಸೆಮ್ಮೆಸ್ ಕಳಿಸಿ, ಹತ್ತು ದಿನದೊಳಗೆ ಐದು ಜನ ದೂರು ಕೊಟ್ಟರೆ ಸಾಕು, ಟೆಲಿಕಾಂ ಕಂಪನಿ ಕ್ರಮಕ್ಕೆ ಇಳಿಯುತ್ತದೆ. ಮೊದಲ ಸಲ ಹೊರಹೋಗುವ ಸೇವೆ 15 ದಿನ ಬಂದ್. ಮತ್ತೆ ಅದೇ ಮಾಡಿದರೆ ನಿಮ್ಮ ಹೆಸರಿನಲ್ಲಿರುವ ಸಂಪರ್ಕಗಳೆಲ್ಲ ಒಂದು ವರ್ಷ ಹೋಗುತ್ತವೆ. ಅಂಗಡಿಯ ನಂಬರ್ ಅಂದರೆ ಬೋರ್ಡ್ ಮೇಲೆ, ಕವರ್ ಮೇಲೆ ಇರುವ ನಂಬರ್ ಅಲ್ವಾ? ಯೋಚನೆ ಮಾಡಿ.

ಈಗ ಒಪ್ಪಿಗೆ ವಿಷಯ. ಕಾಯ್ದೆಯ ಭಾಷೆಯನ್ನು ನಮ್ಮ ಮಾತಿಗೆ ಇಳಿಸಿದರೆ ಅದು ಕೇಳುವುದು ಇಷ್ಟು. ಗಿರಾಕಿ ಬಲವಂತ ಇಲ್ಲದೆ, ಯಾವ ಕೆಲಸಕ್ಕೆ ಅಂತ ತಿಳಿದು, ತಾನೇ ಕೈಯಾರೆ ಏನಾದರೂ ಮಾಡಿ ಹೂಂ ಅಂದಿರಬೇಕು. ಟಿಕ್ ಹಾಕುವುದು, ಸಹಿ ಹಾಕುವುದು, ಮೆಸೇಜ್ ಕಳಿಸುವುದು, ಯಾವುದಾದರೂ ಸರಿ. ಸುಮ್ನೆ ಇದ್ದರು ಅಂದರೆ ಒಪ್ಪಿದರು ಅಂತಲ್ಲ. ಮೊದಲೇ ಟಿಕ್ ಹಾಕಿಟ್ಟ ಡಬ್ಬಿಯೂ ನಡೆಯಲ್ಲ. ಬಿಲ್ಲಿನ ಹಿಂದೆ ಇರುವೆ ಸಾಲಿನ ಹಾಗೆ "ನಂಬರ್ ಕೊಟ್ಟವರು ಪ್ರಚಾರ ಸಂದೇಶಕ್ಕೆ ಒಪ್ಪಿದಂತೆ" ಅಂತ ಅಚ್ಚು ಹಾಕಿಸುತ್ತಾರಲ್ಲ, ಅದೂ ಪ್ರಯೋಜನವಿಲ್ಲ. ದುಡ್ಡು ಕೊಟ್ಟ ಮೇಲೆ ಕೈಗೆ ಬರುವ ಚೀಟಿಯಲ್ಲಿ ಒಪ್ಪಿಗೆ ಎಲ್ಲಿಂದ ಬರಬೇಕು?

ನಾನು ಅಂಗಡಿಗಳಿಗೆ ಮಾಡಿಸಿಕೊಡುವುದು ಒಂದು ಚಿಕ್ಕ ಚೀಟಿ. ಅಂಗೈ ಅಗಲ, ದಪ್ಪ ಅಕ್ಷರ, ಕನ್ನಡದಲ್ಲಿ. ಕಾಯ್ದೆಯೇ ಇಂಥ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆ ಕೊಡಬೇಕು ಅನ್ನುತ್ತದೆ, ಕನ್ನಡ ಅದರಲ್ಲಿದೆ. ಒಕ್ಕಣೆ ಹೀಗಿರಲಿ:

"ಹೊಸ ಸ್ಟಾಕ್ ಮತ್ತು ಹಬ್ಬದ ಆಫರ್ ಬಗ್ಗೆ ನಮ್ಮ ಅಂಗಡಿಯಿಂದ ತಿಂಗಳಿಗೆ ಹೆಚ್ಚೆಂದರೆ ಎರಡು ಸಂದೇಶ ಬರುತ್ತದೆ. ಬೇಕಾದದ್ದಕ್ಕೆ ಮಾತ್ರ ಟಿಕ್ ಹಾಕಿ: ☐ ಎಸ್ಸೆಮ್ಮೆಸ್ ☐ ವಾಟ್ಸಾಪ್ ☐ ಇಮೇಲ್. ಟಿಕ್ ಹಾಕದಿದ್ದರೂ ಬಿಲ್ ಆಗುತ್ತದೆ. ನಿಮ್ಮ ನಂಬರ್ ಬೇರೆ ಯಾರಿಗೂ ಕೊಡುವುದಿಲ್ಲ. ಯಾವಾಗ ಬೇಡ ಅನ್ನಿಸಿದರೂ ಈ ನಂಬರಿಗೆ ಮಿಸ್ಡ್ ಕಾಲ್ ಕೊಡಿ, ನಿಲ್ಲಿಸುತ್ತೇವೆ."

ಕೆಳಗೆ ಹೆಸರು, ನಂಬರ್, ದಿನಾಂಕ, ಸಹಿ. ನಿಮ್ಮದನ್ನು ಸಿದ್ಧ ಮಾಡುವಾಗ ದೂರು ಕೊಡಲು ಯಾರನ್ನು ಕೇಳಬೇಕು ಅನ್ನುವ ಒಂದು ಸಾಲನ್ನೂ ಸೇರಿಸಿ. ನಿಮ್ಮ ಹತ್ತಿರ ಪರಿಹಾರ ಸಿಗದಿದ್ದರೆ ಡೇಟಾ ಸಂರಕ್ಷಣಾ ಮಂಡಳಿಗೆ ಹೋಗಬಹುದು ಅನ್ನೋದನ್ನೂ ಗಿರಾಕಿಗೆ ತಿಳಿಸಬೇಕು ಅಂತ ಕಾಯ್ದೆಯಲ್ಲಿದೆ.

ಮೂರು ಡಬ್ಬಿ ಬೇರೆ ಬೇರೆ ಯಾಕೆ ಅಂದರೆ, ವಾಟ್ಸಾಪ್ ಸಾಕು, ಎಸ್ಸೆಮ್ಮೆಸ್ ಬೇಡ ಅನ್ನುವವರೇ ಜಾಸ್ತಿ. "ತಿಂಗಳಿಗೆ ಎರಡು" ಅಂತ ಬರೆದದ್ದಕ್ಕೂ ಕಾರಣ ಇದೆ. ಎಷ್ಟು ಬರುತ್ತದೆ ಅಂತ ಗೊತ್ತಿದ್ದರೆ ಜನ ಧೈರ್ಯವಾಗಿ ಟಿಕ್ ಹಾಕುತ್ತಾರೆ. ಬರೆದ ಮೇಲೆ ಮೂರನೆಯದು ಕಳಿಸುವ ಹಾಗಿಲ್ಲ, ಅಷ್ಟು ಕಟ್ಟುನಿಟ್ಟು ಬೇಕು.

ಚೀಟಿ ತುಂಬಿಸಿಕೊಂಡು ಡ್ರಾಯರಿಗೆ ಹಾಕಿದರೆ ಮುಗಿಯಲಿಲ್ಲ. ನಾಳೆ ತಕರಾರು ಬಂದರೆ ಒಪ್ಪಿಗೆ ಇತ್ತು ಅಂತ ತೋರಿಸಬೇಕಾದವರು ನೀವು. ಇರಲಿಲ್ಲ ಅಂತ ಗಿರಾಕಿ ಸಾಬೀತು ಮಾಡಬೇಕಿಲ್ಲ. ಹಾಗಾಗಿ ಎಕ್ಸೆಲ್ ಶೀಟಿನಲ್ಲಿ ಒಬ್ಬೊಬ್ಬರಿಗೆ ಒಂದು ಸಾಲು ಇರಲಿ: ನಂಬರ್, ಯಾವ ದಾರಿಗೆ ಹೂಂ ಅಂದರು, ಯಾವ ದಿನ, ಎಲ್ಲಿ ಕೊಟ್ಟರು, ಆಗ ಚಾಲ್ತಿಯಲ್ಲಿದ್ದ ಚೀಟಿ ಯಾವುದು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಮುಂದಿನ ವರ್ಷ ನೀವು ಚೀಟಿಯ ಒಕ್ಕಣೆ ಬದಲಿಸಿ "ಒಡವೆ ಆಫರ್" ಅಂತಲೂ ಸೇರಿಸಿದಿರಿ ಅನ್ನಿ. ಹಳೆ ಚೀಟಿಗೆ ಟಿಕ್ ಹಾಕಿದವರು ಒಡವೆಗೆ ಒಪ್ಪಿದವರಲ್ಲ. ಚೀಟಿಯ ಮೂಲೆಯಲ್ಲಿ "ಚೀಟಿ 1", "ಚೀಟಿ 2" ಅಂತ ಅಚ್ಚು ಹಾಕಿಸಿದರೆ ಈ ಗೊಂದಲ ಇರಲ್ಲ.

ಇನ್ನು ನಿಮ್ಮ ಹಳೆಯ 4,000 ನಂಬರ್. ನನ್ನ ಮಾತು ನಿಮಗೆ ರುಚಿಸಲಿಕ್ಕಿಲ್ಲ: ದೀಪಾವಳಿ ಆಫರಿಗೆ ಅವನ್ನು ಮುಟ್ಟಬೇಡಿ. ಒಪ್ಪಿಗೆ ಇಲ್ಲ ಅನ್ನೋದು ಒಂದು ಕಾರಣ. ಇನ್ನೊಂದು, ನಾಲ್ಕು ವರ್ಷದಲ್ಲಿ ಅದರಲ್ಲಿ ಎಷ್ಟೋ ನಂಬರ್ ಕೈ ಬದಲಾಗಿರುತ್ತವೆ. ಯಾರಾದರೂ ಸಿಮ್ ಬಿಟ್ಟರೆ 90 ದಿನ ಕಳೆದ ಮೇಲೆ ಕಂಪನಿ ಅದೇ ನಂಬರನ್ನು ಹೊಸಬರಿಗೆ ಕೊಡಬಹುದು. ಆ ಹೊಸಬರು ನಿಮ್ಮ ಅಂಗಡಿಯ ಮೆಟ್ಟಿಲೂ ಹತ್ತಿರಲ್ಲ. ನಿಮ್ಮ ಮೇಲೆ ಗಲಾಟೆ ಮಾಡಿದ ಮೇಡಂ ಅಂಥವರೇ ಆಗಿದ್ದರೂ ಆಶ್ಚರ್ಯವಿಲ್ಲ.

"ಹಾಗಾದರೆ ಎಲ್ಲರಿಗೂ ಒಂದೇ ಒಂದು ಸಲ ಒಪ್ಪಿಗೆ ಕೇಳಿ ಮೆಸೇಜ್ ಹಾಕೋಣ" ಅಂತ ಎಲ್ಲರೂ ಕೇಳುತ್ತಾರೆ. ಎಸ್ಸೆಮ್ಮೆಸ್‌ನಲ್ಲಿ ಒಪ್ಪಿಗೆ ಕೇಳುವುದಕ್ಕೂ ಟ್ರಾಯ್ ಬೇರೆ ದಾರಿ ಮಾಡಿದೆ, 127ರಿಂದ ಶುರುವಾಗುವ ಚಿಕ್ಕ ಸಂಖ್ಯೆಯಿಂದ ಆ ಸಂದೇಶ ಹೋಗಬೇಕು. ನಿಮ್ಮ ಸಿಮ್‌ನಿಂದ ಕೇಳಿದರೆ ಅದೂ ಬೇಡದ ಸಂದೇಶವೇ. ಸುಲಭದ ದಾರಿ ಎಂದರೆ ಜನ ಅಂಗಡಿಗೆ ಬಂದಾಗ ಕೇಳುವುದು. ಲೆಕ್ಕ ಹಾಕಿ ನೋಡಿ: ದಿನಕ್ಕೆ 40 ಬಿಲ್ ಆಗುತ್ತದೆ, ಅದರಲ್ಲಿ 15 ಜನ ಚೀಟಿಗೆ ಟಿಕ್ ಹಾಕಿದರು ಅನ್ನಿ. 100 ದಿನಕ್ಕೆ 1,500 ಆಯಿತು. ಇವರು ಇತ್ತೀಚೆಗೆ ನಿಮ್ಮಲ್ಲಿ ದುಡ್ಡು ಕೊಟ್ಟು ಕೊಂಡವರು, ಸಂದೇಶ ಬೇಕು ಅಂತ ತಾವೇ ಹೇಳಿದವರು. ಗುರುತಿಲ್ಲದ 4,000ಕ್ಕಿಂತ ಈ 1,500 ವ್ಯಾಪಾರಕ್ಕೂ ಮೇಲು ಅನ್ನೋದು ನನ್ನ ಅನುಭವ.

ಹಳೆ ಪಟ್ಟಿಯನ್ನು ಬಿಲ್ಲಿನ ಲೆಕ್ಕಕ್ಕೆ ಬೇಕಾದಷ್ಟು ಮಾತ್ರ ಇಟ್ಟುಕೊಳ್ಳಿ. ಬ್ಲೌಸ್ ರೆಡಿ ಅನ್ನುವ ಮೆಸೇಜಿನ ಬಾಲಕ್ಕೆ "ಜೊತೆಗೆ ಹೊಸ ಕಲೆಕ್ಷನ್ ಬಂದಿದೆ, 20% ರಿಯಾಯಿತಿ" ಅಂತ ಅಂಟಿಸುವ ಜಾಣತನ ಬೇಡ. ಟ್ರಾಯ್ ಲೆಕ್ಕದಲ್ಲಿ ಸೇವೆಯ ಸಂದೇಶಕ್ಕೆ ಪ್ರಚಾರ ಬೆರೆಸಿದರೆ ಪೂರ್ತಿ ಸಂದೇಶವೇ ಪ್ರಚಾರ ಆಗುತ್ತದೆ.

ಮುಂದೆ ಎಸ್ಸೆಮ್ಮೆಸ್ ಕಳಿಸುವುದಿದ್ದರೆ ಡಿಎಲ್‌ಟಿಯಲ್ಲಿ ಅಂಗಡಿಯನ್ನು ನೋಂದಾಯಿಸಬೇಕು. ಇದು ಟೆಲಿಕಾಂ ಕಂಪನಿಗಳು ನಡೆಸುವ ನೋಂದಣಿ ಜಾಲ. ಕಳಿಸಿದವರ ಜಾಗದಲ್ಲಿ ನಂಬರಿನ ಬದಲು ಕಾಣುವ ಒಂದು ಹೆಡರ್, ಕಳಿಸುವ ಒಕ್ಕಣೆಗೆ ಒಂದು ಟೆಂಪ್ಲೇಟ್ ಮೊದಲೇ ಒಪ್ಪಿಸಿರಬೇಕು. ಸಂದೇಶದಲ್ಲಿ ಲಿಂಕ್ ಇದ್ದರೆ ಅದನ್ನೂ ಮೊದಲೇ ಅಲ್ಲಿ ದಾಖಲಿಸಿರಬೇಕು, ಇಲ್ಲದಿದ್ದರೆ ಸಂದೇಶ ದಾರಿಯಲ್ಲೇ ನಿಲ್ಲುತ್ತದೆ. ಬಲ್ಕ್ ಎಸ್ಸೆಮ್ಮೆಸ್ ಮಾರುವವರು ಇದನ್ನು ಮಾಡಿಸಿಕೊಡುತ್ತಾರೆ. ಆದರೆ "ಡಿಎನ್‌ಡಿ ಇದ್ದರೂ ತಲುಪಿಸ್ತೀವಿ ಸರ್" ಅನ್ನುವವರಿದ್ದರೆ ಫೋನ್ ಇಟ್ಟುಬಿಡಿ. 1909ಕ್ಕೆ ಹೇಳಿ ಪ್ರಚಾರ ಸಂದೇಶ ಬೇಡ ಅಂದವರಿಗೆ ಕಳ್ಳದಾರಿಯಲ್ಲಿ ತಲುಪಿಸುತ್ತೇವೆ ಅಂತ ಅದರ ಅರ್ಥ. ದೂರು ಬಂದಾಗ ಎದುರು ನಿಲ್ಲುವುದು ನಿಮ್ಮ ಅಂಗಡಿಯ ಹೆಸರು.

ವಾಟ್ಸಾಪ್‌ಗೆ ಡಿಎನ್‌ಡಿ ತಾಗುವುದಿಲ್ಲ, ನಿಜ. ಹಾಗಂತ ಬಯಲು ಬಿಟ್ಟಿಲ್ಲ. ಗಿರಾಕಿಯಿಂದಲೇ ನಂಬರ್ ಪಡೆದು, ಸಂದೇಶಕ್ಕೆ ಒಪ್ಪಿಗೆಯನ್ನೂ ಪಡೆದಿರಬೇಕು ಅಂತ ವಾಟ್ಸಾಪ್ ಬಿಸಿನೆಸ್‌ನ ನಿಯಮದಲ್ಲೇ ಇದೆ. ಜನ ಬ್ಲಾಕ್, ರಿಪೋರ್ಟ್ ಒತ್ತುತ್ತಾ ಹೋದರೆ ನಿಮ್ಮ ಖಾತೆಗೇ ಕುತ್ತು. ಯುಗಾದಿಗೆ ನೀವು ಹೇಗೆ ಕಳಿಸಿದಿರಿ ಅಂತ ಬರೆದಿಲ್ಲ. ಗ್ರೂಪ್ ಮಾಡಿ ಎಲ್ಲರನ್ನೂ ಸೇರಿಸಿದ್ದರೆ ಅದು ದೊಡ್ಡ ತಪ್ಪು: ಅದರಲ್ಲಿದ್ದ ಪ್ರತಿ ಹೆಣ್ಣುಮಗಳ ನಂಬರ್ ಉಳಿದವರಿಗೆಲ್ಲ ಕಂಡಿತು. ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿ. ಒಂದು ಲಿಸ್ಟಿಗೆ 256 ಜನ, ಅದೂ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಇದು ಕೊರತೆ ಅಂತ ಹೇಳುತ್ತಾರೆ, ನನಗೆ ಅದು ಅನುಕೂಲ ಅನ್ನಿಸುತ್ತದೆ. ಕೌಂಟರಿನಲ್ಲಿ ಕ್ಯೂಆರ್ ಇಡಿ. ಅದನ್ನು ಸ್ಕ್ಯಾನ್ ಮಾಡಿದರೆ "ಹಬ್ಬದ ಆಫರ್ ನನಗೆ ಕಳಿಸಿ" ಅನ್ನುವ ಸಾಲು ಅವರ ವಾಟ್ಸಾಪ್‌ನಲ್ಲಿ ತೆರೆದುಕೊಳ್ಳಲಿ, ಅವರೇ ಸೆಂಡ್ ಒತ್ತಲಿ. ಒಪ್ಪಿಗೆ ಅವರದೇ ಮಾತಿನಲ್ಲಿ, ದಿನಾಂಕ ಸಮೇತ ನಿಮ್ಮ ಫೋನಿನಲ್ಲಿ ಉಳಿಯುತ್ತದೆ. ನಂಬರ್ ಸೇವ್ ಮಾಡಿಕೊಳ್ಳಿ ಅಂತಲೂ ಅಲ್ಲೇ ಹೇಳಿಬಿಡಿ.

ಬೇಡ ಅಂದವರ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಾನೇ ಇಲ್ಲಿ ಎಡವಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಅಂಗಡಿಯ ಪಟ್ಟಿ ನಾನು ನೋಡಿಕೊಳ್ಳುತ್ತಿದ್ದೆ. ಒಬ್ಬರು ಬೇಡ ಅಂದರು. ಅವರ ಸಾಲನ್ನು ಡಿಲೀಟ್ ಮಾಡಿ, "ತೆಗೆದಿದ್ದೇವೆ ಸರ್, ಕ್ಷಮಿಸಿ" ಅಂತ ಕಳಿಸಿದೆ. ಮುಂದಿನ ತಿಂಗಳು ಅವರಿಗೆ ಮತ್ತೆ ಆಫರ್ ಹೋಯಿತು. ಆಗಿದ್ದಿಷ್ಟು: ಅವರು ನಡುವೆ ಒಂದು ಶರ್ಟ್ ಕೊಂಡಿದ್ದರು. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಹೊಸ ಪಟ್ಟಿ ತಂದು ಸೇರಿಸಿದಾಗ ಅವರ ನಂಬರ್ ಹೊಸ ಗಿರಾಕಿಯ ಹಾಗೆ ಒಳಗೆ ಬಂತು. ಡಿಲೀಟ್ ಮಾಡಿದ್ದರಿಂದ ಅವರು ಬೇಡ ಅಂದಿದ್ದರು ಅನ್ನುವ ಗುರುತೇ ಇರಲಿಲ್ಲ. ಅವರು ಫೋನ್ ಮಾಡಿ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹಾಗಾಗಿ ಬೇಡ ಅಂದವರನ್ನು ಅಳಿಸಬೇಡಿ. ಬೇಡ ಅಂದವರದೇ ಬೇರೆ ಪಟ್ಟಿ ಮಾಡಿ. ಅದರಲ್ಲಿ ನಂಬರ್ ಮತ್ತು ದಿನಾಂಕ ಸಾಕು. ಹೆಸರು, ವಿಳಾಸ, ಏನು ಕೊಂಡರು ಎಲ್ಲ ಬೇಡ. ಪ್ರತಿ ಸಲ ಕಳಿಸುವ ಮುಂಚೆ ಆ ಪಟ್ಟಿಯ ಜೊತೆ ತಾಳೆ ನೋಡಿ. ಇನ್ನೊಂದು ತೊಡಕು ಇದೆ. ಅದೇ ನಂಬರ್ ಒಂದು ಕಡೆ +91 ಹಚ್ಚಿಕೊಂಡು, ಇನ್ನೊಂದು ಕಡೆ ಮುಂದೆ ಸೊನ್ನೆ ಹಾಕಿಕೊಂಡು, ಮತ್ತೊಂದು ಕಡೆ ನಡುವೆ ಜಾಗ ಬಿಟ್ಟುಕೊಂಡು ಕೂತಿರುತ್ತದೆ. ಕಂಪ್ಯೂಟರಿಗೆ ಅವು ಮೂರು ಬೇರೆ ನಂಬರ್. ಮೊದಲು ಕೊನೆಯ ಹತ್ತು ಅಂಕಿಗೆ ಇಳಿಸಿ, ಆಮೇಲೆ ತಾಳೆ ನೋಡಿ. ನಂಬರ್ A ಕಾಲಮ್ಮಿನಲ್ಲಿದ್ದರೆ B2ಗೆ ಕೆಳಗಿನ ಮೊದಲ ಸೂತ್ರ, C2ಗೆ ಎರಡನೆಯದು. ಬೇಡ ಅಂದವರ ಹತ್ತಂಕಿ ನಂಬರ್ STOP ಅನ್ನುವ ಶೀಟಿನ A ಕಾಲಮ್ಮಿನಲ್ಲಿರಲಿ:

```
=RIGHT(SUBSTITUTE(SUBSTITUTE(A2," ",""),"-",""),10)
=IF(COUNTIF(STOP!A:A,B2)>0,"ಬೇಡ","ಕಳಿಸು")
```

STOP ಶೀಟಿಗೆ ನಿಮ್ಮದೇ ನಂಬರ್ ಹಾಕಿಟ್ಟು, ಕಳಿಸುವ ಪಟ್ಟಿಯಲ್ಲೂ +91 ಸಮೇತ ಅದನ್ನು ಸೇರಿಸಿ. ನಿಮಗೆ ಸಂದೇಶ ಬಂದರೆ ಎಲ್ಲೋ ತೂತು ಇದೆ ಅಂತ ಅರ್ಥ.

ಬೇಡ ಅನ್ನುವ ದಾರಿ ಎಷ್ಟು ಸುಲಭ ಇರಬೇಕು? ಹೂಂ ಅನ್ನುವಷ್ಟೇ ಸುಲಭ ಇರಬೇಕು ಅಂತ ಕಾಯ್ದೆ ಹೇಳುತ್ತದೆ. ಒಂದು ಟಿಕ್‌ನಲ್ಲಿ ಒಪ್ಪಿಗೆ ತಗೊಂಡು, ಬೇಡ ಅನ್ನುವುದಕ್ಕೆ ಅಂಗಡಿಗೆ ಬಂದು ಅರ್ಜಿ ಕೊಡಿ ಅಂದರೆ ನಡೆಯಲ್ಲ. ಎಸ್ಸೆಮ್ಮೆಸ್‌ನಲ್ಲಿ ಜನ ಮಾಡುವ ಒಂದು ಎಡವಟ್ಟು ನೋಡಿ: ಕೊನೆಗೆ "ನಿಲ್ಲಿಸಲು STOP ಅಂತ ಉತ್ತರಿಸಿ" ಅಂತ ಬರೆಯುತ್ತಾರೆ. ಸಂದೇಶ ಹೋಗಿರುವುದು ಅಕ್ಷರಗಳ ಹೆಡರ್‌ನಿಂದ. ಅದಕ್ಕೆ ಉತ್ತರ ಕಳಿಸಲು ಆಗುವುದೇ ಇಲ್ಲ! ಗಿರಾಕಿ STOP ಒತ್ತಿ ಒತ್ತಿ ಸಾಕಾಗಿ 1909ಕ್ಕೆ ದೂರು ಕೊಡುತ್ತಾರೆ. ಅದಕ್ಕೇ ನಾನು ಚೀಟಿಯಲ್ಲಿ ಮಿಸ್ಡ್ ಕಾಲ್ ಅಂದಿದ್ದು.

ಬೇಡ ಅನ್ನುವ ಮಾತು ನೀವು ಹೇಳಿಕೊಟ್ಟ ಶಬ್ದದಲ್ಲೇ ಬರುತ್ತದೆ ಅಂತಲೂ ಕಾಯಬೇಡಿ. "ಬೇಡ", "ನಿಲ್ಸಿ", "ಯಾರ್ರೀ ನೀವು", ಬರೀ ಸಿಟ್ಟಿನ ಎಮೋಜಿ, ಕೌಂಟರಿನಲ್ಲಿ "ನಿಮ್ಮ ಮೆಸೇಜ್ ಕಾಟ ಜಾಸ್ತಿ ಆಯ್ತು" ಅನ್ನುವ ನಗು, ಎಲ್ಲವೂ ಬೇಡ ಅಂತಲೇ. ಕೌಂಟರಿನಲ್ಲಿ ಒಂದು ಪುಸ್ತಕ ಇಡಿ, ಅಂದವರ ನಂಬರನ್ನು ಹುಡುಗರು ಬರೆಯಲಿ, ಅಂಗಡಿ ಮುಚ್ಚುವ ಮುಂಚೆ STOP ಶೀಟಿಗೆ ಏರಿಸಲಿ. ಆಮೇಲೆ ಗಿರಾಕಿಗೆ ಒಂದೇ ಸಾಲು: "ನಿಲ್ಲಿಸಿದ್ದೇವೆ." ಯಾಕೆ ಬೇಡ ಅಂತ ಕೇಳುವುದು, ಕೊನೆಯದಾಗಿ ಒಂದು ಕೂಪನ್ ತೋರಿಸುವುದು ಬೇಡ. ಎಸ್ಸೆಮ್ಮೆಸ್ ಬೇಡ ಅಂದವರನ್ನು 90 ದಿನದವರೆಗೆ ಮತ್ತೆ ಒಪ್ಪಿಗೆ ಕೇಳುವ ಹಾಗೂ ಇಲ್ಲ ಅಂತ ಟ್ರಾಯ್ 2025ರಲ್ಲಿ ಸೇರಿಸಿದೆ. ಅವರಾಗಿಯೇ ಬೇಕು ಅಂದರೆ ಅಡ್ಡಿಯಿಲ್ಲ.

ಇಮೇಲ್ ನಿಮಗೆ ಕಡಿಮೆ ಇದೆ, ಎರಡು ಮಾತು ಸಾಕು. ಕೌಂಟರಿನಲ್ಲಿ ಬಾಯಲ್ಲಿ ಹೇಳಿದ ಇಮೇಲ್ ತಪ್ಪಾಗಿ ಟೈಪ್ ಆಗುವ ಅಪಾಯ ಇದೆ, ಒಂದು ಅಕ್ಷರ ಆಚೀಚೆ ಆದರೆ ಯಾರೋ ಅಪರಿಚಿತರಿಗೆ ಹೋಗುತ್ತದೆ. ಮೊದಲು "ಆಫರ್ ಬೇಕಿದ್ದರೆ ಇದನ್ನು ಒತ್ತಿ" ಅನ್ನುವ ಒಂದು ಮೇಲ್ ಕಳಿಸಿ. ಒತ್ತಿದವರನ್ನು ಮಾತ್ರ ಪಟ್ಟಿಗೆ ಸೇರಿಸಿ. ಎಲ್ಲರ ವಿಳಾಸವನ್ನೂ To ಜಾಗಕ್ಕೆ ತುಂಬಿ ಕಳಿಸಬೇಡಿ, ಅದೂ ವಾಟ್ಸಾಪ್ ಗ್ರೂಪಿನ ತಪ್ಪೇ. ಮೇಲ್ ಕಳಿಸುವ ಸೇವೆ ತಗೊಂಡರೆ ಅವರ ಮೇಲ್‌ಗಳಲ್ಲಿ ಈ ಎರಡು ಸಾಲು ಇರುತ್ತವಾ ಅಂತ ಕೇಳಿ:

```
List-Unsubscribe: <https://example.com/u/abc123>
List-Unsubscribe-Post: List-Unsubscribe=One-Click
```

ಇವಿದ್ದರೆ ಜಿಮೇಲ್ ತಾನೇ ಮೇಲ್ಗಡೆ ಅನ್‌ಸಬ್‌ಸ್ಕ್ರೈಬ್ ಬಟನ್ ತೋರಿಸಬಲ್ಲದು. ದಿನಕ್ಕೆ 5,000ಕ್ಕಿಂತ ಹೆಚ್ಚು ಪ್ರಚಾರ ಮೇಲ್ ಕಳಿಸುವವರಿಗೆ 2024ರಿಂದ ಜಿಮೇಲ್ ಇದನ್ನು ಕಡ್ಡಾಯ ಮಾಡಿದೆ, ಬಟನ್ ಒತ್ತಿದವರನ್ನು ಎರಡು ದಿನದೊಳಗೆ ತೆಗೆಯಬೇಕು. ನೀವು ಅಷ್ಟು ದೊಡ್ಡವರಲ್ಲ, ಆದರೂ ಹಾಕಿಸಿ. ಬಟನ್ ಸಿಗದವರು ಸ್ಪ್ಯಾಮ್ ಒತ್ತುತ್ತಾರೆ. ಆಮೇಲೆ ನೀವು ಬಿಲ್ ಕಳಿಸುವ ಇಮೇಲ್ ಕೂಡ ಸ್ಪ್ಯಾಮಿಗೆ ಹೋಗಿ ಬೀಳುತ್ತದೆ.

ಕಾಲೇಜು, ಹೈಸ್ಕೂಲ್ ಹುಡುಗಿಯರು ಲೆಹಂಗಾ ನೋಡಲು ಬರುತ್ತಾರಲ್ಲ, 18 ತುಂಬದವರ ನಂಬರನ್ನು ಆಫರ್ ಪಟ್ಟಿಗೆ ತಗೊಳ್ಳಲೇ ಬೇಡಿ. ಅದಕ್ಕೆ ತಂದೆತಾಯಿಯ ಒಪ್ಪಿಗೆಯನ್ನು ಖಚಿತ ಮಾಡಿಕೊಳ್ಳಬೇಕು, ಅಂಗಡಿಯ ಮಟ್ಟದಲ್ಲಿ ಅದು ಆಗುವ ಕೆಲಸವಲ್ಲ. ಚೀಟಿಯಲ್ಲಿ "ನನಗೆ 18 ತುಂಬಿದೆ" ಅಂತ ಒಂದು ಸಾಲು ಇರಲಿ, ಜೊತೆಗೆ ಬಂದ ಅಮ್ಮ ತನ್ನ ನಂಬರ್ ಕೊಡಲಿ.

ಕೊನೆಗೆ ಆ ಮೇಡಂ. ಅವರಿಗೆ ಫೋನ್ ಮಾಡಬೇಡಿ. ಅವರು ಮೆಸೇಜ್ ಮಾಡಿದ ಕಡೆಯೇ ಒಂದು ಉತ್ತರ ಕೊಡಿ. ಬಿಲ್ ಪುಸ್ತಕದಲ್ಲಿ ಅವರ ನಂಬರ್ ಹುಡುಕಿ, ದಿನಾಂಕ ಸಿಕ್ಕರೆ ಹೀಗೆ ಬರೆಯಿರಿ: "ಮೇಡಂ, ಇಂಥ ದಿನ ನಮ್ಮಲ್ಲಿ ಬಿಲ್ ಮಾಡುವಾಗ ಈ ನಂಬರ್ ಬರೆದುಕೊಂಡಿದ್ದೆವು. ಆಫರ್ ಕಳಿಸಲು ನಿಮ್ಮನ್ನು ಕೇಳಿರಲಿಲ್ಲ, ಅದು ನಮ್ಮ ತಪ್ಪು. ಇನ್ನು ಬರುವುದಿಲ್ಲ." ಅವರ ನಂಬರನ್ನು STOP ಶೀಟಿನ ಮೊದಲ ಸಾಲಿಗೆ ಹಾಕಿ. ಬಿಲ್ ಪುಸ್ತಕದಲ್ಲಿ ಆ ನಂಬರ್ ಬೇರೆ ಹೆಸರಿನಲ್ಲಿದ್ದರೆ ಸಿಮ್ ಕೈ ಬದಲಾಗಿರಬಹುದು. ಆಗ ಹಳೆ ಗಿರಾಕಿಯ ಹೆಸರು, ಖರೀದಿ ಏನನ್ನೂ ಇವರಿಗೆ ಹೇಳಬೇಡಿ, "ಹಳೆಯ ದಾಖಲೆಯಲ್ಲಿತ್ತು, ತೆಗೆದಿದ್ದೇವೆ" ಅಂದರೆ ಸಾಕು.